ಸೋಡಾ ಕ್ರೇಟ್ ಎಲ್ಲಿ ಹೋಯ್ತು? ತೊಳೆಯುವ ಬಾಗಿಲಲ್ಲೇ ಲೆಕ್ಕ ಹಿಡಿಯುವ ವಿಧಾನ

ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಸಣ್ಣ ಸೋಡಾ ಘಟಕದಲ್ಲಿ ಗೋಡೌನು ಮತ್ತು ಬಾಟಲ್ ತೊಳೆಯುವ ವಿಭಾಗ ನೋಡಿಕೊಳ್ಳುತ್ತೇನೆ. 200 ಎಂ.ಎಲ್. ಗಾಜಿನ ಬಾಟಲ್, ಒಂದು ಕ್ರೇಟ್‌ಗೆ 24. ಮಾಗಡಿ ರಸ್ತೆ, ವಿಜಯನಗರ, ಬಸವೇಶ್ವರನಗರ, ಮಲ್ಲೇಶ್ವರ ಕಡೆಯ ಸುಮಾರು 140 ಬೇಕರಿ, ಕಾಂಡಿಮೆಂಟ್ಸ್, ದರ್ಶಿನಿಗಳಿಗೆ ನಮ್ಮ ಗಾಡಿ ಹೋಗುತ್ತದೆ. ತುಂಬಿದ ಕ್ರೇಟ್ ಇಳಿಸಿ, ಖಾಲಿ ಕ್ರೇಟ್ ಎತ್ತಿಕೊಂಡು ಬರುವ ವ್ಯಾಪಾರ. ಹೊಸದಾಗಿ ಇದೇ ಕೆಲಸಕ್ಕೆ ಇಳಿಯುವವರು ಎರಡು ಪ್ರಶ್ನೆ ಕೇಳುತ್ತಾರೆ. ಎಷ್ಟು ಕ್ರೇಟ್ ಕೊಳ್ಳಬೇಕು? ಕಳೆದುಹೋಗೋದನ್ನ ಹೇಗೆ ಹಿಡಿಯೋದು? ಎರಡಕ್ಕೂ ಉತ್ತರ ಸಿಗುವುದು ಒಂದೇ ಜಾಗದಲ್ಲಿ, ಖಾಲಿ ಬಾಟಲ್ ತೊಳೆಯಲು ಒಳಗೆ ಹೋಗುವ ಬಾಗಿಲಲ್ಲಿ. ಯಾವ ಲೈನಿಂದ ಬಂದರೂ, ಯಾರ ಕೈಯಿಂದ ಬಂದರೂ, ಮತ್ತೆ ತುಂಬಬೇಕಾದ ಪ್ರತಿ ಕ್ರೇಟ್ ಆ ಬಾಗಿಲು ದಾಟಲೇಬೇಕು.

ಮೊದಲು, ಎಷ್ಟು ಕ್ರೇಟ್ ಬೇಕು

ದಿನಕ್ಕೆ ಎಷ್ಟು ಕ್ರೇಟ್ ಹೊರಗೆ ಕಳಿಸುತ್ತೀರಿ ಮತ್ತು ಒಂದು ಕ್ರೇಟ್ ಪೂರ್ತಿ ಒಂದು ಸುತ್ತು ಬರಲು ಎಷ್ಟು ದಿನ ಬೇಕು, ಈ ಎರಡನ್ನು ಗುಣಿಸಿದರೆ ಬೇಕಾದ ಸಂಖ್ಯೆ ಬರುತ್ತದೆ. ನಾವು ಮಾಮೂಲಿ ದಿನಗಳಲ್ಲಿ 120 ಕ್ರೇಟ್ ಕಳಿಸುತ್ತೇವೆ. ತುಂಬಿದ ಕ್ರೇಟ್ ಗೋಡೌನಿನಲ್ಲಿ 2 ದಿನ, ಗಾಡಿಯಲ್ಲಿ 1, ಅಂಗಡಿಯಲ್ಲಿ 6, ಖಾಲಿಯಾಗಿ ಬಂದು ತೊಳೆಯಲು ಕಾಯುವುದು 2, ತೊಳೆದು ತುಂಬುವುದು 1. ಒಟ್ಟು 12 ಕೆಲಸದ ದಿನ. 120ನ್ನು 12ರಿಂದ ಗುಣಿಸಿದರೆ 1,440.

ಮಾರ್ಚ್‌ನಿಂದ ಮೇವರೆಗೆ ಕಥೆ ಬೇರೆ. ದಿನಕ್ಕೆ 170 ಹೋಗುತ್ತದೆ. ಆದರೆ ಅಂಗಡಿಯಲ್ಲಿ ಬೇಗ ಖಾಲಿಯಾಗುವುದರಿಂದ ಸುತ್ತು 10 ದಿನಕ್ಕೆ ಇಳಿಯುತ್ತದೆ. ಅಂದರೆ 1,700. ಒಡೆದದ್ದು, ತಡವಾದದ್ದು ಅಂತ ಇನ್ನೊಂದು ನೂರು ಸೇರಿಸಿ 1,800 ಇಟ್ಟುಕೊಂಡಿದ್ದೇವೆ.

ಸುತ್ತು ಒಂದು ದಿನ ಉದ್ದವಾದರೆ ಸಾಕು, ಅಷ್ಟೇ ವ್ಯಾಪಾರಕ್ಕೆ 120 ಕ್ರೇಟ್ ಜಾಸ್ತಿ ಬೇಕಾಗುತ್ತದೆ. ಬಾಯ್ಲರ್ ಕೆಟ್ಟು ಒಂದು ದಿನ ತೊಳೆಯುವುದು ನಿಂತಾಗ ಗೋಡೌನ್ ತುಂಬ ಖಾಲಿ ಇರುತ್ತವೆ, ತುಂಬಲು ಒಂದೂ ಇರುವುದಿಲ್ಲ. ಆಗ ಯಜಮಾನರು "ಕ್ರೇಟ್ ಕಳ್ಳತನ ಆಗ್ತಿದೆ" ಅಂತ ಹೊಸದಕ್ಕೆ ಆರ್ಡರ್ ಕೊಟ್ಟುಬಿಡುತ್ತಾರೆ. ಕಳೆದಿರುವುದು ಕ್ರೇಟ್ ಅಲ್ಲ, ದಿನ. ಇವೆರಡನ್ನು ಬೇರೆ ಮಾಡಿ ನೋಡುವ ತನಕ ದುಡ್ಡು ಹಾಕಬೇಡಿ.

ಸುತ್ತಿನ ದಿನ ಅಳೆಯುವ ಬಣ್ಣದ ಗೆರೆ

ಪ್ರತಿ ಕ್ರೇಟ್‌ಗೆ ಚಿಪ್, ಸ್ಕ್ಯಾನರ್ ಬೇಕಿಲ್ಲ. ನಮ್ಮ ಗಾತ್ರದ ಘಟಕಕ್ಕೆ ಅದರ ಖರ್ಚು ಹೊರೆ. ಒಂದು ವಾರದಲ್ಲಿ ಹೊರಗೆ ಹೋಗುವ 200 ಕ್ರೇಟ್‌ಗಳ ಹಿಡಿಯ ಕೆಳಗೆ ಬಿಳಿ ಆಯಿಲ್ ಪೇಂಟಿನಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೋದ ತಾರೀಖು ಬರೆಯಿರಿ. ತೊಳೆಯುವ ಬಾಗಿಲಲ್ಲಿ ನಿಂತ ಹುಡುಗನಿಗೆ ಒಂದು ಪುಸ್ತಕ ಕೊಡಿ. ಗೆರೆ ಇರುವ ಕ್ರೇಟ್ ಬಂದ ಕೂಡಲೇ ಎರಡೂ ತಾರೀಖು ಬರೆದುಕೊಂಡು, ಗೆರೆಯ ಮೇಲೆ ಅಡ್ಡ ಗೆರೆ ಹಾಕಬೇಕು. ಅಡ್ಡ ಗೆರೆ ಮರೆತರೆ ಅದೇ ಕ್ರೇಟ್ ಎರಡನೇ ಸಲ ಬಂದಾಗ ಮತ್ತೆ ಎಣಿಕೆಗೆ ಸೇರಿಕೊಳ್ಳುತ್ತದೆ.

ನಮ್ಮಲ್ಲಿ ಹೀಗೆ ಮಾಡಿದಾಗ ಅರ್ಧದಷ್ಟು ಕ್ರೇಟ್ 8ನೇ ದಿನದೊಳಗೆ ಬಾಗಿಲಿಗೆ ಬಂದಿದ್ದವು. 16ನೇ ದಿನದ ಹೊತ್ತಿಗೆ 180 ಬಂದಿದ್ದವು. 60 ದಿನ ಕಾದ ಮೇಲೆ 197. ಇದರಿಂದ ನಮಗೆ ಸಿಕ್ಕ ಮುಖ್ಯ ವಿಷಯ 16 ಎಂಬ ಅಂಕಿ. ಅದಕ್ಕಿಂತ ಜಾಸ್ತಿ ದಿನ ಹೊರಗಿರುವ ಕ್ರೇಟ್ ಮಾಮೂಲಿ ದಾರಿ ಬಿಟ್ಟಿದೆ ಅಂತ ಅರ್ಥ. 3 ಬಂದಿಲ್ಲ ಅಂತ ನಷ್ಟ ಒಂದೂವರೆ ಪರ್ಸೆಂಟ್ ಎಂದು ಬರೆದುಕೊಳ್ಳಬೇಡಿ. 200ರಲ್ಲಿ 3 ಎಂಬುದು ಇನ್ನೊಂದು ವಾರ ಮಾಡಿದ್ದರೆ 1 ಅಥವಾ 5 ಆಗಬಹುದಿತ್ತು. ಈ ಪರೀಕ್ಷೆ ದಿನ ಅಳೆಯಲು ಒಳ್ಳೆಯದು, ನಷ್ಟ ಅಳೆಯಲು ಸಾಲದು.

ಚಲನ್ ಮತ್ತು ಡಿಪಾಸಿಟ್

ಗಾಡಿಯ ಚಲನ್‌ನಲ್ಲಿ ಪ್ರತಿ ಅಂಗಡಿಗೆ ಮೂರು ಕಾಲಂ ಇರಲಿ. ಇಳಿಸಿದ್ದು, ಎತ್ತಿದ್ದು, ಬಾಕಿ. ಬಾಕಿಯ ಮುಂದೆ ಅಂಗಡಿಯವರ ಸಹಿ. ಬಹಳ ಕಡೆ ಮೊದಲ ಎರಡೇ ಇರುತ್ತವೆ, ಬಾಕಿ ಸೇಲ್ಸ್‌ಮನ್ ತಲೆಯಲ್ಲಿರುತ್ತದೆ. ಅವನು ಕೆಲಸ ಬಿಟ್ಟ ದಿನ ಬಾಕಿಯೂ ಹೋಗುತ್ತದೆ. ಅಂಗಡಿಯ ಮುಂದೆ ನಡೆಯುವ ಮಾತು ಇಷ್ಟೇ:

"ಅಣ್ಣ, ಮೂರು ಖಾಲಿ ಕಮ್ಮಿ ಇದೆಯಲ್ಲ?"

"ನಾಳೆ ಕೊಡ್ತೀನಿ ಬಿಡಪ್ಪ, ಹಿಂದ್ಗಡೆ ಇಟ್ಟಿದೀವಿ."

ಆ "ನಾಳೆ" ಚಲನ್ ಮೇಲೆ 3 ಎಂದು ಬರೆದು ಸಹಿಯಾಗಬೇಕು.

ಡಿಪಾಸಿಟ್ ಎಷ್ಟಿರಬೇಕು? ಕ್ರೇಟ್ ಕೊಂಡ ಬೆಲೆಗೆ ಸಮ ಇಟ್ಟರೆ ಸಣ್ಣ ಅಂಗಡಿಯವರು ಮಾಲೇ ಬೇಡ ಅನ್ನುತ್ತಾರೆ. ತೀರಾ ಕಮ್ಮಿ ಇಟ್ಟರೆ ಕ್ರೇಟ್ ಕೂರುವ ಸ್ಟೂಲಾಗುತ್ತದೆ, ಸೊಪ್ಪಿನ ಗಾಡಿಯ ಮೆಟ್ಟಿಲಾಗುತ್ತದೆ. ಗುಜರಿಯವನು ಪ್ಲಾಸ್ಟಿಕ್ ತೂಕಕ್ಕೆ ಕೊಡುವುದಕ್ಕಿಂತ ನಿಮ್ಮ ಡಿಪಾಸಿಟ್ ಎದ್ದು ಕಾಣುವಷ್ಟು ಜಾಸ್ತಿ ಇರಬೇಕು. ಕ್ರೇಟ್‌ಗೆ ಬೇರೆ, ಬಾಟಲ್‌ಗೆ ಬೇರೆ ಡಿಪಾಸಿಟ್ ಇಡಿ. ಇಲ್ಲದಿದ್ದರೆ 24 ಬಾಟಲಿನ ಜಾಗದಲ್ಲಿ 19 ಇಟ್ಟು ಕ್ರೇಟ್ ವಾಪಸ್ ಬರುತ್ತದೆ.

ಈ ಹಣವನ್ನು ಸೋಡಾ ಬಿಲ್ಲಿನ ಜೊತೆ ಕೂಡಿಸಬೇಡಿ. ಜಿ.ಎಸ್.ಟಿ. ಕಾನೂನಿನಲ್ಲಿ ಡಿಪಾಸಿಟ್ ಮಾಲಿನ ಬೆಲೆ ಅಲ್ಲ. ಆದರೆ ಕ್ರೇಟ್ ಬರಲಿಲ್ಲ ಅಂತ ಡಿಪಾಸಿಟ್ ಮುರಿದುಕೊಂಡು ಬೆಲೆಗೆ ಹೊಂದಿಸಿದರೆ ಆಗ ಅದು ತೆರಿಗೆ ಲೆಕ್ಕಕ್ಕೆ ಬರುತ್ತದೆ. ಲೆಡ್ಜರ್‌ನಲ್ಲಿ ಮೊದಲೇ ಬೇರೆ ಖಾತೆ ತೆರೆದಿಟ್ಟರೆ ಆಡಿಟರ್ ಮುಂದೆ ತಡಕಾಡುವುದು ತಪ್ಪುತ್ತದೆ.

ಬಾಗಿಲಲ್ಲಿ ಎಣಿಸುವುದು

ಸಂಜೆ ಗಾಡಿ ಬಂದಾಗ ಲೋಡರ್‌ಗಳು ಸುಸ್ತಾಗಿರುತ್ತಾರೆ. ಎಂಟರ ಎತ್ತರಕ್ಕೆ ಜೋಡಿಸಿ, ಸಾಲು ಎಣಿಸಿ, ಗುಣಿಸಿ ಹೇಳಿಬಿಡುತ್ತಾರೆ. ನಡುವೆ ಬೇರೆ ಕಂಪನಿಯ ಕ್ರೇಟ್ ಸೇರಿಕೊಂಡಿದ್ದರೆ ಗೊತ್ತಾಗುವುದೇ ಇಲ್ಲ. ಅದಕ್ಕೆ ಗಾಡಿಯ ಎಣಿಕೆಯನ್ನು ನಾನು ಕೊನೆಯ ಮಾತು ಅಂತ ತೆಗೆದುಕೊಳ್ಳುವುದಿಲ್ಲ. ಗಾಡಿಯ ಖಾಲಿಯನ್ನು ಲೈನಿನ ಪ್ರಕಾರ ಬೇರೆ ಬೇರೆ ಅಟ್ಟಿ ಹಾಕಿಸುತ್ತೇನೆ. ಮರುದಿನ ತೊಳೆಯಲು ಒಂದೊಂದೇ ಕ್ರೇಟ್ ಬಾಗಿಲು ದಾಟುವಾಗ ಹುಡುಗ ನಾಲ್ಕು ಗುರುತು ಹಾಕುತ್ತಾನೆ: ನಮ್ಮದು, ಬೇರೆಯವರದು, ಒಡೆದದ್ದು, ಬಾಟಲ್ ಕಮ್ಮಿ ಇರುವುದು. ನಮ್ಮ ಕ್ರೇಟ್ ಕಡು ನೀಲಿ, ಪಕ್ಕದಲ್ಲಿ ಕೊಂಡ ವರ್ಷವನ್ನು ಕಾಯಿಸಿದ ಅಚ್ಚಿನಲ್ಲಿ ಒತ್ತಿಸಿದ್ದೇವೆ. ಪೇಂಟ್ ಅಚ್ಚು ತೊಳೆಯುತ್ತಾ ಹೋದರೆ ಏಳುತ್ತದೆ, ಒತ್ತಿದ ಅಚ್ಚು ಏಳುವುದಿಲ್ಲ.

ಈ ಎಣಿಕೆ ಸಂಜೆ ಶೀಟಿಗೆ ಹೋಗುತ್ತದೆ. ಒಂದು ಕಾಲಂನಲ್ಲಿ ಅಂಗಡಿಯ ಕೋಡ್, ಒಂದರಲ್ಲಿ ತಾರೀಖು, ಇಳಿಸಿದ್ದು, ಎತ್ತಿದ್ದು. ಅಂಗಡಿಯಿಂದ ಕೊನೆಯ ಸಲ ಖಾಲಿ ಬಂದು ಎಷ್ಟು ದಿನವಾಯಿತು ಎಂದು ನೋಡಲು ಒಂದೇ ಸಾಲು ಸಾಕು. ಇಲ್ಲಿ B ಅಂಗಡಿಯ ಕೋಡ್, C ತಾರೀಖು, E ಎತ್ತಿದ ಖಾಲಿ:

```
=TODAY()-MAXIFS(C:C,B:B,"R-017",E:E,">0")
```

ಬಾಕಿ ಇರುವ ಅಂಗಡಿಗಳಿಗೆ ಮಾತ್ರ ಇದನ್ನು ನೋಡಿ. 16 ದಾಟಿದರೆ ಫೋನ್, 30 ದಾಟಿದರೆ ಸೇಲ್ಸ್‌ಮನ್ ಅಲ್ಲದ ಬೇರೆ ಒಬ್ಬರು ಖುದ್ದಾಗಿ ಹೋಗಬೇಕು. ಕ್ರೇಟ್ ಒಂದೇ ದಿನದಲ್ಲಿ ಕಳೆಯುವುದಿಲ್ಲ. ಮೊದಲು ತಡವಾಗುತ್ತದೆ, ಆಮೇಲೆ ಮೂಲೆ ಸೇರುತ್ತದೆ, ಆಮೇಲೆ ಅಂಗಡಿಯೇ ಕೈ ಬದಲಾಗುತ್ತದೆ. ತಡದ ಹಂತದಲ್ಲಿ ಹೋದರೆ ಸಿಗುತ್ತದೆ.

ತೊಳೆಯುವುದು

ಬಾಗಿಲು ದಾಟಿದ ಮೇಲೆ ಮೊದಲ ಕೆಲಸ ಮೂಸಿ ನೋಡುವುದು. ಸೀಮೆಎಣ್ಣೆ, ತಿನ್ನರ್, ಫಿನಾಯಿಲ್ ಹಾಕಿಟ್ಟ ಬಾಟಲ್ ಅಂಗಡಿಯಿಂದ ಬಂದೇ ಬರುತ್ತದೆ. ವಾಸನೆ ಬಂದದ್ದನ್ನು ತೊಳೆಯಲು ಹೋಗಬೇಡಿ, ಒಡೆದು ಗಾಜಿನ ಡ್ರಮ್ಮಿಗೆ ಹಾಕಿ. ಬಾಯಿಯ ಅಂಚಿನ ಮೇಲೆ ಬೆರಳಾಡಿಸಬೇಡಿ, ಕೈ ಕುಯ್ಯುತ್ತದೆ. ಬೆಳಕಿಗೆ ಹಿಡಿದರೆ ಚಕ್ಕೆ ಎದ್ದಿರುವುದು ಕಾಣುತ್ತದೆ. ಸ್ಟ್ರಾ, ಗುಟ್ಕಾ ಪೊಟ್ಟಣ, ಸಿಗರೇಟಿನ ಹಾಳೆ ಇದ್ದರೆ ಕೊಕ್ಕೆಯಿಂದ ತೆಗೆಯಿರಿ. ಅಲ್ಯೂಮಿನಿಯಂ ಹಾಳೆ ಕಾಸ್ಟಿಕ್‌ನಲ್ಲಿ ಕರಗುತ್ತಾ ಹೈಡ್ರೋಜನ್ ಗಾಳಿ ಬಿಡುತ್ತದೆ, ಅದು ಬೆಂಕಿ ಹತ್ತಿಕೊಳ್ಳುವ ಗಾಳಿ. ಇದೇ ಕಾರಣಕ್ಕೆ ಕಾಸ್ಟಿಕ್ ಕಲಸಲು ಅಲ್ಯೂಮಿನಿಯಂ ಪಾತ್ರೆಯನ್ನೂ ಬಳಸಬಾರದು.

ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಒಂದು ಸಲ ತೊಳೆದು, ಕಾಸ್ಟಿಕ್ ತೊಟ್ಟಿಗೆ. ನಮ್ಮದು 2 ಪರ್ಸೆಂಟ್ ಕಾಸ್ಟಿಕ್ ಸೋಡಾ, 60ರಿಂದ 65 ಡಿಗ್ರಿ, 10 ನಿಮಿಷ. ಬಿಸಿ ಕಮ್ಮಿಯಾದರೆ ಹೊತ್ತು ಜಾಸ್ತಿ ಬೇಕು, ಮೂರರಲ್ಲಿ ಒಂದನ್ನು ತಗ್ಗಿಸಿದರೆ ಇನ್ನೊಂದನ್ನು ಏರಿಸಲೇಬೇಕು. ಕಾಸ್ಟಿಕ್ ಕಲಸುವಾಗ ಯಾವಾಗಲೂ ನೀರಿಗೆ ಕಾಸ್ಟಿಕ್ ಹಾಕಿ, ಕಾಸ್ಟಿಕ್ ಮೇಲೆ ನೀರು ಸುರಿಯಬೇಡಿ, ಕುದ್ದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ಉದ್ದ ರಬ್ಬರ್ ಗ್ಲೌಸ್ ಇಲ್ಲದೆ ಯಾರನ್ನೂ ತೊಟ್ಟಿಯ ಹತ್ತಿರ ಬಿಡುವುದಿಲ್ಲ.

ತೊಟ್ಟಿಯಲ್ಲಿ ಕಾಸ್ಟಿಕ್ ಎಷ್ಟಿದೆ ಎಂದು ಕೈಗೆ ಜಾರುವುದನ್ನು ನೋಡಿ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತೊಟ್ಟಿಯ ನೀರು 10 ಎಂ.ಎಲ್. ತಣಿಸಿ, ಫಿನಾಫ್ತಲೀನ್ ಎರಡು ಮೂರು ಹನಿ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಅದಕ್ಕೆ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್ ಹನಿಹನಿಯಾಗಿ ಬಿಡುತ್ತಾ, ಬಣ್ಣ ಹೋಗುವಷ್ಟರಲ್ಲಿ ಎಷ್ಟು ಎಂ.ಎಲ್. ಹಿಡಿಯಿತೋ ಅದನ್ನು 0.4ರಿಂದ ಗುಣಿಸಿ. 5 ಎಂ.ಎಲ್. ಹಿಡಿದರೆ 2 ಪರ್ಸೆಂಟ್. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ನೋಡುತ್ತೇವೆ. ಬಾಟಲ್ ಜೊತೆ ಬರುವ ನೀರಿನಿಂದ ತೊಟ್ಟಿ ತೆಳುವಾಗುತ್ತಾ ಹೋಗುತ್ತದೆ. ಒಂದು ಎಚ್ಚರ: ಹಳೆಯ ತೊಟ್ಟಿಯಲ್ಲಿ ಕಾಸ್ಟಿಕ್‌ಗೆ ಗಾಳಿ ಮತ್ತು ಬಾಟಲಿನಲ್ಲಿ ಉಳಿದ ಸೋಡಾ ಸೇರಿ ಕಾರ್ಬೊನೇಟ್ ಆಗಿರುತ್ತದೆ. ಈ ಪರೀಕ್ಷೆ ಅದರಲ್ಲೂ ಒಂದು ಪಾಲನ್ನು ಕಾಸ್ಟಿಕ್ ಎಂದೇ ತೋರಿಸುತ್ತದೆ. ಅಂಕಿ ಸರಿಯಿದ್ದರೂ ಬಾಟಲ್ ಶುದ್ಧವಾಗದಿದ್ದರೆ ತೊಟ್ಟಿ ಬದಲಿಸುವ ಹೊತ್ತಾಗಿದೆ.

ಗಾಜು ಒಮ್ಮೆಗೇ ತಣ್ಣಗಾದರೆ ಬಿರಿಯುತ್ತದೆ. ಕಾಸ್ಟಿಕ್‌ನಿಂದ ತೆಗೆದು ನೇರ ನಲ್ಲಿ ನೀರಿಗೆ ಹಾಕಬೇಡಿ. 65ರಿಂದ 45, ಅಲ್ಲಿಂದ 30, ಕೊನೆಗೆ ತಣ್ಣೀರು. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಹೊರಗಿಟ್ಟ ಬಾಟಲ್‌ಗೆ ಏರುವಾಗಲೂ ನಡುವೆ ಒಂದು ಬಿಸಿನೀರಿನ ಮೆಟ್ಟಿಲು ಬೇಕು. ಕೆಲವು ದಿನ ತೊಟ್ಟಿಯ ತಳದಲ್ಲಿ ಬುಡ ಕಳಚಿದ ಬಾಟಲ್ ಜಾಸ್ತಿ ಸಿಕ್ಕರೆ ಗಾಜಿನ ಕಂಪನಿಯನ್ನು ಬೈಯುವ ಮೊದಲು ಈ ಮೆಟ್ಟಿಲುಗಳಿಗೆ ಥರ್ಮಾಮೀಟರ್ ಹಾಕಿ ನೋಡಿ.

ಕೊನೆಯ ನೀರು ಕುಡಿಯುವಂಥದ್ದೇ ಆಗಿರಬೇಕು. ಆ ನೀರನ್ನೇ ಹಿಂದಿನ ತೊಟ್ಟಿಗೆ, ಅಲ್ಲಿಂದ ಮೊದಲ ತೊಳೆತಕ್ಕೆ ಹರಿಸುತ್ತೇವೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್‌ಗೆ ಕಾದು ಕೂತವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ತೊಳೆದ ಬಾಟಲ್ ಬೋರಲು ಹಾಕಿ, ತೊಟ್ಟಿಕ್ಕಿದ ಕೊನೆಯ ಹನಿಗಳಿಗೆ ಫಿನಾಫ್ತಲೀನ್ ಬಿಡಿ. ಗುಲಾಬಿಯಾದರೆ ಕಾಸ್ಟಿಕ್ ಉಳಿದಿದೆ, ಆ ಅಟ್ಟಿ ಪೂರ್ತಿ ವಾಪಸ್. ಬಣ್ಣ ಬರಲಿಲ್ಲ, ಆದರೆ ಒಣಗಿದ ಮೇಲೆ ಬಿಳಿ ಮಬ್ಬು ಕಾಣುತ್ತಿದೆ ಅಂದರೆ ಅದು ಬೋರ್‌ವೆಲ್ ನೀರಿನ ಗಡಸು. ನಾವು ಸಾಫ್ಟ್‌ನರ್ ಹಾಕಿಸಿದ ಮೇಲೆ ಅದು ಹೋಯಿತು. ಭುಜ ಮತ್ತು ಬುಡದಲ್ಲಿ ಉಂಗುರದಂಥ ಬಿಳಿ ಗೀರು ಇದ್ದರೆ ಅದು ಬೇರೆ, ಬಾಟಲ್ ಬಾಟಲಿಗೆ ಉಜ್ಜಿ ಆದದ್ದು. ತೊಳೆದರೆ ಹೋಗುವುದಿಲ್ಲ. ಗೀರು ಅಗಲವಾದ ಬಾಟಲನ್ನು ತೆಗೆದುಬಿಡಿ. ಗ್ಯಾಸ್ ತುಂಬುವಾಗ ಸಿಡಿಯುವುದು ಅಂಥವೇ.

ಕ್ರೇಟ್ ತೊಳೆಯಲು ಇಷ್ಟು ಬಿಸಿ, ಇಷ್ಟು ಕಾಸ್ಟಿಕ್ ಬೇಡ. 45 ಡಿಗ್ರಿ ನೀರು, ಸ್ವಲ್ಪ ಡಿಟರ್ಜೆಂಟ್, ಜೋರಾದ ಪೈಪು ಸಾಕು. ಬಾಟಲ್ ಕೂರುವ ಮನೆಗಳ ಮೂಲೆಯಲ್ಲಿ ಅಂಟಿದ ಸಕ್ಕರೆಯ ಹಿಂದೆ ಜಿರಲೆ ಮೊಟ್ಟೆ ಇಟ್ಟಿರುತ್ತದೆ, ಅಲ್ಲಿಗೆ ಬ್ರಷ್ ಹೋಗಬೇಕು. ತೊಳೆದ ಕ್ರೇಟ್ ಬೋರಲು ಹಾಕಿ ನೀರು ಬಸಿಯುವ ತನಕ ಅಟ್ಟಿ ಕಟ್ಟಬೇಡಿ, ಬೂಷ್ಟು ವಾಸನೆ ಹಿಡಿಯುತ್ತದೆ. ಬೆರಳಿಂದ ಉಜ್ಜಿದಾಗ ಸುಣ್ಣದಂಥ ಪುಡಿ ಬಂದರೆ ಬಿಸಿಲಿಗೆ ಹಾಳಾದ ಕ್ರೇಟ್ ಅದು, ಮೊದಲು ಹಿಡಿ ಕಿತ್ತುಬರುತ್ತದೆ.

ಕಾಸ್ಟಿಕ್ ನೀರನ್ನು ಮೋರಿಗೆ, ರಾಜಕಾಲುವೆಗೆ ಬಿಡುವಂತಿಲ್ಲ. ಆಸಿಡ್ ಹಾಕಿ ಪಿ.ಎಚ್. 5.5ರಿಂದ 9ರ ನಡುವೆ ತಂದು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಲ್ಲಿ ಹೇಳಿರುವ ದಾರಿಯಲ್ಲೇ ಬಿಡಬೇಕು.

ತೊಟ್ಟಿಯ ಅಳತೆಯೂ ಕ್ರೇಟ್ ಲೆಕ್ಕಕ್ಕೆ ಸೇರುತ್ತದೆ. ನಮ್ಮ ತೊಟ್ಟಿ ಒಂದು ಸಲಕ್ಕೆ 96 ಬಾಟಲ್ ಹಿಡಿಯುತ್ತದೆ, ಹಾಕಿ ತೆಗೆಯುವುದು ಸೇರಿ 12 ನಿಮಿಷ, ಗಂಟೆಗೆ 480. ದಿನದ 2,880 ಬಾಟಲ್‌ಗೆ 6 ಗಂಟೆ. ಬೇಸಿಗೆಯ 4,080ಕ್ಕೆ ಎಂಟೂವರೆ ಗಂಟೆ. ಒಂದು ಗಂಟೆ ಕರೆಂಟ್ ಹೋದರೆ 20 ಕ್ರೇಟ್ ಮರುದಿನಕ್ಕೆ ಉಳಿಯುತ್ತದೆ.

ಎಣಿಕೆ ದಿನ, ನಮ್ಮಲ್ಲಿ ಸಿಕ್ಕಿದ್ದು

ಆರು ತಿಂಗಳಿಗೊಮ್ಮೆ ಒಂದು ಭಾನುವಾರ ಎಲ್ಲವನ್ನೂ ಕಣ್ಣಲ್ಲಿ ನೋಡಿ ಎಣಿಸುತ್ತೇವೆ, ಅಂಗಡಿಗಳನ್ನೂ ಸೇರಿಸಿ. ಮೊದಲ ಸಲ ಎಣಿಸಿದಾಗ ಗೋಡೌನು, ಗಾಡಿಗಳಲ್ಲಿ 610 ಇದ್ದವು. ಅಂಗಡಿಗಳ ಬಾಕಿ ಲೆಡ್ಜರ್ ಪ್ರಕಾರ 1,130. ಕೂಡಿದರೆ 1,740. ಅಂದರೆ 1,800ರಲ್ಲಿ 60 ಲೆಡ್ಜರ್‌ನಲ್ಲೇ ಇಲ್ಲ. ಅಂಗಡಿಗಳಿಗೆ ಹೋಗಿ ನೋಡಿದರೆ 1,130ರ ಬದಲು 1,010. ಇನ್ನೂ 120 ಇಲ್ಲ. ಒಟ್ಟು 180.

ಆ ಆರು ತಿಂಗಳಲ್ಲಿ 18,000 ಕ್ರೇಟ್ ಹೊರಗೆ ಹೋಗಿದ್ದವು. 180 ಎಂದರೆ ಒಂದು ಪರ್ಸೆಂಟ್. "ನೂರಕ್ಕೆ ತೊಂಬತ್ತೊಂಬತ್ತು ವಾಪಸ್ ಬರ್ತಿದೆ, ಚೆನ್ನಾಗಿದೆ ಅಲ್ವಾ" ಎಂದು ಯಜಮಾನರೇ ಸಮಾಧಾನಪಟ್ಟರು. ಆದರೆ ಒಂದು ಕ್ರೇಟ್ ವರ್ಷಕ್ಕೆ ಸುಮಾರು 20 ಸಲ ಹೊರಗೆ ಹೋಗುತ್ತದೆ. ಪ್ರತಿ ಸಲ ಒಂದು ಪರ್ಸೆಂಟ್ ಹೋದರೆ ವರ್ಷಕ್ಕೆ 360, ಇರುವುದರಲ್ಲಿ ಐದನೇ ಒಂದು ಭಾಗ. ನಷ್ಟವನ್ನು ಸಲದ ಲೆಕ್ಕದಲ್ಲಿ ಹೇಳಿದಾಗ ಕಮ್ಮಿ ಕಾಣುತ್ತದೆ, ವರ್ಷದ ಲೆಕ್ಕದಲ್ಲೂ ಹೇಳಿ.

ಲೆಡ್ಜರ್‌ನಲ್ಲಿಲ್ಲದ 60ರಲ್ಲಿ 38 ನಮ್ಮ ಅಂಗಳದಲ್ಲೇ ಒಡೆದು, ಬರೆಯದೆ ಗುಜರಿಗೆ ಹೋಗಿದ್ದವು. 22 ಬೇರೆಯವರ ಕ್ರೇಟ್, ಗಾಡಿಯಲ್ಲಿ ನಮ್ಮದೆಂದು ಎಣಿಸಿದ್ದು. ಹೊರಗಿನ 120ರಲ್ಲಿ 46 ಕಲ್ಯಾಣ ಮಂಟಪಗಳಿಗೆ ಸೇರಿದ್ದವು. ಮದುವೆಗೆ ಮಾಲು ಪಕ್ಕದ ಕಾಂಡಿಮೆಂಟ್ಸ್ ಹೆಸರಲ್ಲಿ ಹೋಗಿತ್ತು. ಊಟ ಮುಗಿದ ರಾತ್ರಿ ಅಡುಗೆ ಕಂಟ್ರಾಕ್ಟರ್ ಖಾಲಿ ಕ್ರೇಟ್‌ನಲ್ಲಿ ತನ್ನ ಪಾತ್ರೆ ತುಂಬಿಕೊಂಡು ಹೊರಟಿದ್ದ. ಅಂಗಡಿಯವರಿಗೆ ಗೊತ್ತೇ ಇರಲಿಲ್ಲ. ಮುಚ್ಚಿದ ಅಥವಾ ಕೈ ಬದಲಾದ ಐದು ಅಂಗಡಿಗಳಲ್ಲಿ 41. ಅಲ್ಲೊಂದು ಇಲ್ಲೊಂದು ಚೆದುರಿದ್ದು 33.

ಚೆದುರಿದ 33ರ ಹಿಂದೆ ಓಡಲಿಲ್ಲ, ಪೆಟ್ರೋಲ್‌ಗೂ ಸಾಲದು. ಮದುವೆ ಆರ್ಡರ್‌ಗೆ ಮನೆಯವರ ಹೆಸರಲ್ಲೇ ಚಲನ್, ಪೂರ್ತಿ ಬೆಲೆಯ ಡಿಪಾಸಿಟ್, ಮರುದಿನ ಬೆಳಿಗ್ಗೆ ಒಂಬತ್ತರೊಳಗೆ ನಮ್ಮದೇ ಗಾಡಿಯಲ್ಲಿ ಎತ್ತುವುದು ಎಂದು ಮಾಡಿದೆವು. ಒಡೆದ ಕ್ರೇಟ್‌ನ ಅಚ್ಚಿರುವ ತುಂಡು ಕತ್ತರಿಸಿ ನನ್ನ ಮೇಜಿಗೆ ಬರಬೇಕು, ತುಂಡು ಇಲ್ಲದಿದ್ದರೆ ಒಡೆದದ್ದು ಅಂತ ಬರೆಯುವ ಹಾಗಿಲ್ಲ. 30 ದಿನ ದಾಟಿದ ಅಂಗಡಿಗಳಿಗೆ ನಾನೇ ಶನಿವಾರ ಹೋಗತೊಡಗಿದೆ.

ಮುಂದಿನ ಆರು ತಿಂಗಳಲ್ಲಿ 18,500 ಕ್ರೇಟ್ ಹೊರಗೆ ಹೋದವು, 74 ಸಿಗಲಿಲ್ಲ. ನೂರಕ್ಕೆ 0.4. ಒಡೆದು ತುಂಡು ಬಂದದ್ದು 52. ಎರಡೂ ಸೇರಿ 126, ತಿಂಗಳಿಗೆ 21. ಈಗ ಜನವರಿಯಲ್ಲಿ 126, ಜುಲೈನಲ್ಲಿ ಎಣಿಸಿದ ಮೇಲೆ ಬಂದ ಅಂಕಿಯಷ್ಟು, ಹೀಗೆ ವರ್ಷಕ್ಕೆ ಎರಡೇ ಸಲ ಹೊಸ ಕ್ರೇಟ್ ತರಿಸುತ್ತೇವೆ. ಜನವರಿಯ ಆರ್ಡರ್ ಫೆಬ್ರವರಿ ಕೊನೆಯೊಳಗೆ ಕೈಗೆ ಬಂದಿರಬೇಕು, ಮಾರ್ಚ್ ಮೊದಲ ವಾರಕ್ಕೆ ದಿನಕ್ಕೆ 170 ಶುರುವಾಗುತ್ತದೆ.